ಎರಡು ಸಲ ಕಡಿತವಾಗುವ ಹಣ: ಐದು ‘ಏಕೆ’ಗಳ ಬೆನ್ನುಹತ್ತಿ

ಆನ್‌ಲೈನ್ ಅಂಗಡಿಯೊಂದರಲ್ಲಿ ಒಂದೇ ಆರ್ಡರಿಗೆ ಎರಡು ಸಲ ಹಣ ಕಡಿತವಾಗುತ್ತಿದೆ ಎನ್ನೋಣ. ಒಮ್ಮೆ ಒತ್ತಿದ ಮೇಲೆ ‘ಪಾವತಿಸಿ’ ಬಟನ್ ಕೆಲಸ ಮಾಡದಂತೆ ತಂಡ ಸರಿಪಡಿಸುತ್ತದೆ. ಕೆಲವೇ ದಿನಗಳಲ್ಲಿ ಅದೇ ದೂರು ಮತ್ತೆ ಬರುತ್ತದೆ. ಟೊಯೋಟಾದ ತೈಚಿ ಓನೊ ಪ್ರಚಾರಕ್ಕೆ ತಂದ ‘ಐದು ಏಕೆ’ ವಿಧಾನ ಬೇಕಾಗುವುದು ಇಂಥ ಕಡೆಯೇ.

ಹಣ ಎರಡು ಸಲ ಹೋಗಿದ್ದೇಕೆ? ಪಾವತಿ ಗೇಟ್‌ವೇಯ ಉತ್ತರ ತಡವಾದಾಗ ಸರ್ವರ್ ತಾನೇ ಇನ್ನೊಂದು ಕೋರಿಕೆ ಕಳಿಸಿತ್ತು. ಲಾಗ್ ತೆರೆದರೆ ಗ್ರಾಹಕರು ಒತ್ತಿದ್ದು ಒಂದೇ ಸಲ ಎಂಬುದು ಗೊತ್ತಾಗುತ್ತದೆ. ಬಟನ್ನಿನ ರಿಪೇರಿ ಮೂಲ ದೋಷವನ್ನು ಮುಟ್ಟಿಯೇ ಇರಲಿಲ್ಲ. ಗೇಟ್‌ವೇ ಎರಡನೆಯದನ್ನು ತಡೆಯಲಿಲ್ಲವೇಕೆ? ಅದರ ಜೊತೆ ಹೊಸ ಗುರುತಿನ ಕೀ ಹೋಗಿತ್ತು. ಹೊಸದೇಕೆ? ಕೋಡ್ ಪ್ರತಿ ಕೋರಿಕೆಗೂ ಬೇರೆ ಕೀ ಸೃಷ್ಟಿಸುತ್ತಿತ್ತು. ಪರೀಕ್ಷೆಯಲ್ಲಿ ಸಿಕ್ಕಿಬೀಳಲಿಲ್ಲವೇಕೆ? ಅಲ್ಲಿನ ನಕಲಿ ಗೇಟ್‌ವೇ ಎಂದೂ ತಡಮಾಡುವುದಿಲ್ಲ. ಅದು ಹಾಗೇಕೆ ಉಳಿಯಿತು? ಚೆಕ್‌ಔಟ್ ಪರೀಕ್ಷೆಗಳಿಗೆ ಹೊಣೆಗಾರರೇ ಇರಲಿಲ್ಲ.

ಈಗ ಕೆಲಸ ಸ್ಪಷ್ಟ: ಒಂದು ಪಾವತಿ ಪ್ರಯತ್ನಕ್ಕೆ ಒಂದೇ ಕೀ, ಬೇಕೆಂದೇ ತಡಮಾಡುವ ಪರೀಕ್ಷೆ, ಅದಕ್ಕೊಬ್ಬ ಹೊಣೆಗಾರ. ಐದೆಂಬ ಸಂಖ್ಯೆಗೆ ಅಂಟಿಕೊಳ್ಳಬೇಕಿಲ್ಲ, ಆದರೆ ಪ್ರತಿ ಉತ್ತರಕ್ಕೂ ಲಾಗ್‌ನಲ್ಲೋ ಕೋಡ್‌ನಲ್ಲೋ ಪುರಾವೆ ಇರಲೇಬೇಕು. ‘ಡೆವಲಪರ್ ಎಚ್ಚರ ತಪ್ಪಿದ’ ಎಂಬ ಉತ್ತರ ಬಂದರೆ ಇನ್ನೊಂದು ‘ಏಕೆ’ ಬಾಕಿಯಿದೆ.