ಕನ್ನಡಕದ ಚೀಟಿ ಎರಡು, ನಂಬರ್ ಬೇರೆ ಬೇರೆ, ಕಣ್ಣು ಮಾತ್ರ ಅದೇ: ಸಿಲಿಂಡರ್, ಆಕ್ಸಿಸ್ ಓದುವುದು ಹೇಗೆ?

ಪುಣೆಯಲ್ಲಿ ಕೆಲಸ ಮಾಡುವ ಹುಬ್ಬಳ್ಳಿ ಮೂಲದ ಯುವತಿಯೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ಹಬ್ಬಕ್ಕೆ ಊರಿಗೆ ಹೋದಾಗ ಕಣ್ಣಿನ ವೈದ್ಯರ ಬಳಿ ಪರೀಕ್ಷೆ ಮಾಡಿಸಿದರು. ಬಲಗಣ್ಣಿಗೆ ಬರೆದುಕೊಟ್ಟ ನಂಬರ್ ಹೀಗಿತ್ತು: -3.50 / +1.50 × 90. ಪುಣೆಗೆ ಮರಳಿದ ಮೇಲೆ ಕನ್ನಡಕದ ಅಂಗಡಿಯಲ್ಲಿ ಇನ್ನೊಮ್ಮೆ ಪರೀಕ್ಷಿಸಿದರು. ಅಲ್ಲಿ ಬಂದಿದ್ದು: -2.00 / -1.50 × 180. ಒಂದರಲ್ಲಿ ಮೂರೂವರೆ, ಇನ್ನೊಂದರಲ್ಲಿ ಎರಡು. ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್. ಆಕ್ಸಿಸ್ ಕೂಡ ಬೇರೆ. ಯಾರು ತಪ್ಪು ಎಂದು ತಲೆ ಕೆಡಿಸಿಕೊಳ್ಳುವುದು ಸಹಜ.

ಇಬ್ಬರೂ ಸರಿ. ಎರಡು ಚೀಟಿಗಳೂ ಹೇಳುವುದು ಒಂದೇ ಕನ್ನಡಕವನ್ನು. ಅದು ಹೇಗೆ ಎಂದು ತಿಳಿಯಬೇಕಾದರೆ ಚೀಟಿಯ ಮೂರು ಅಂಕಿಗಳು ಏನು ಹೇಳುತ್ತವೆ ಎಂಬುದನ್ನು ಮೊದಲು ನೋಡಬೇಕು.

ಮೊದಲನೆಯದು ಸ್ಫಿಯರ್. ಇದು ಎಲ್ಲರಿಗೂ ಗೊತ್ತಿರುವ 'ಪವರ್'. ದೂರದ್ದು ಮಸುಕಾಗಿ ಕಾಣುವವರಿಗೆ ಮೈನಸ್, ಅದಕ್ಕೆ ವಿರುದ್ಧವಾದ ದೋಷ ಇರುವವರಿಗೆ ಪ್ಲಸ್. ಇದರ ಅಳತೆ ಡಯಾಪ್ಟರ್. ಸ್ಫಿಯರ್ ಮಾತ್ರ ಇರುವ ಲೆನ್ಸ್‌ನ ಪವರ್ ಎಲ್ಲ ದಿಕ್ಕಿನಲ್ಲೂ ಒಂದೇ. ಅದನ್ನು ಹೇಗೆ ತಿರುಗಿಸಿದರೂ ವ್ಯತ್ಯಾಸವಿಲ್ಲ.

ಕಣ್ಣು ಎಲ್ಲ ದಿಕ್ಕಿನಲ್ಲೂ ಒಂದೇ ರೀತಿ ಬಾಗಿದ್ದರೆ ಇಷ್ಟೇ ಸಾಕಿತ್ತು. ಆದರೆ ಬಹಳಷ್ಟು ಜನರ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಚೆಂಡಿನಂತೆ ಇರುವುದಿಲ್ಲ. ಊಟದ ಚಮಚದ ಬೆನ್ನನ್ನು ನೆನಪಿಸಿಕೊಳ್ಳಿ. ಉದ್ದಕ್ಕೆ ಅದರ ಬಾಗು ಕಡಿಮೆ, ಅಡ್ಡಕ್ಕೆ ಹೆಚ್ಚು. ಕಾರ್ನಿಯಾ ಸ್ವಲ್ಪ ಆ ಥರ ಇದ್ದರೆ ಒಂದು ದಿಕ್ಕಿನ ಬೆಳಕು ಒಂದು ಕಡೆ, ಅದಕ್ಕೆ ಅಡ್ಡವಾದ ದಿಕ್ಕಿನ ಬೆಳಕು ಇನ್ನೊಂದು ಕಡೆ ಸೇರುತ್ತದೆ. ಒಂದೇ ಬಿಂದುವಿನಲ್ಲಿ ಸೇರುವುದೇ ಇಲ್ಲ. ಇದೇ ಅಸ್ಟಿಗ್ಮ್ಯಾಟಿಸಂ. ಗ್ರೀಕ್ ಮೂಲದ ಈ ಪದದ ಅರ್ಥವೂ 'ಬಿಂದು ಇಲ್ಲದಿರುವುದು' ಎಂದೇ.

ಚೀಟಿಯ ಎರಡನೇ ಅಂಕಿ ಸಿಲಿಂಡರ್ ಬರುವುದು ಇಲ್ಲಿ. ಚಪಾತಿ ಲಟ್ಟಿಸುವ ಲಟ್ಟಣಿಗೆ ಗಾಜಿನದ್ದಾಗಿದ್ದರೆ ಅದೊಂದು ಸಿಲಿಂಡರ್ ಲೆನ್ಸ್. ಉದ್ದಕ್ಕೆ ನೇರ, ಆದ್ದರಿಂದ ಆ ದಿಕ್ಕಿನಲ್ಲಿ ಪವರ್ ಸೊನ್ನೆ. ಅಡ್ಡಕ್ಕೆ ದುಂಡು, ಆದ್ದರಿಂದ ಆ ದಿಕ್ಕಿನಲ್ಲಿ ಪೂರ್ತಿ ಪವರ್. ಲಟ್ಟಣಿಗೆಯನ್ನು ಯಾವ ದಿಕ್ಕಿಗೆ ಇಡಬೇಕು ಎಂದು ಹೇಳುವುದು ಮೂರನೇ ಅಂಕಿ, ಆಕ್ಸಿಸ್. 180 ಎಂದರೆ ಅಡ್ಡ ಮಲಗಿಸಿದ್ದು, 90 ಎಂದರೆ ನೆಟ್ಟಗೆ ನಿಲ್ಲಿಸಿದ್ದು, ಉಳಿದವು ಓರೆ. ಪರೀಕ್ಷಿಸುವವರು ಎದುರು ಕುಳಿತು ನೋಡುವಾಗ ಅವರ ಬಲಗಡೆಯಿಂದ ಎಣಿಕೆ ಶುರುವಾಗಿ, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಏರುತ್ತದೆ. ಎರಡೂ ಕಣ್ಣಿಗೆ ಇದೇ ಕ್ರಮ. ಆಕ್ಸಿಸ್ ಅಂಕಿಯ ಮೇಲೆ ಡಿಗ್ರಿ ಚಿಹ್ನೆ ಹಾಕದಿರುವುದಕ್ಕೂ ಕಾರಣವಿದೆ. ಕೈಬರಹದಲ್ಲಿ ಆ ಪುಟ್ಟ ವೃತ್ತ ಸೊನ್ನೆಯಂತೆ ಕಂಡರೆ 10 ಹೋಗಿ 100 ಆಗಿಬಿಡುತ್ತದೆ.

ಆಕ್ಸಿಸ್ ಪವರ್ ಅಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. '180 ಅಂದರೆ ತುಂಬಾ ಜಾಸ್ತಿ ನಂಬರ್ ಅಲ್ಲವೇ' ಎಂದು ಗಾಬರಿಯಾಗುವ ಪೋಷಕರಿದ್ದಾರೆ. ಅದು ಬರೀ ದಿಕ್ಕು.

ಎರಡು ಚೀಟಿ ಒಂದೇ ಆಗುವುದು ಹೀಗೆ

ಈಗ ಪುಣೆಯ ಚೀಟಿ ತೆಗೆದುಕೊಳ್ಳಿ: -2.00 / -1.50 × 180. ಲಟ್ಟಣಿಗೆ ಅಡ್ಡ ಮಲಗಿದೆ. ಹಾಗಾಗಿ ಅಡ್ಡ ದಿಕ್ಕಿನಲ್ಲಿ ಸಿಲಿಂಡರ್ ಕೆಲಸ ಮಾಡುವುದಿಲ್ಲ, ಸ್ಫಿಯರ್ ಮಾತ್ರ, ಅಂದರೆ -2.00. ಉದ್ದ ದಿಕ್ಕಿನಲ್ಲಿ ಎರಡೂ ಸೇರುತ್ತವೆ, -3.50.

ಹುಬ್ಬಳ್ಳಿಯ ಚೀಟಿ: -3.50 / +1.50 × 90. ಇಲ್ಲಿ ಲಟ್ಟಣಿಗೆ ನಿಂತಿದೆ. ಉದ್ದ ದಿಕ್ಕಿನಲ್ಲಿ ಸ್ಫಿಯರ್ ಮಾತ್ರ, -3.50. ಅಡ್ಡ ದಿಕ್ಕಿನಲ್ಲಿ -3.50ಕ್ಕೆ +1.50 ಸೇರಿ -2.00. ಅಡ್ಡಕ್ಕೆ ಎರಡು, ಉದ್ದಕ್ಕೆ ಮೂರೂವರೆ, ಎರಡರಲ್ಲೂ ಅದೇ.

ಒಂದು ಬರಹವನ್ನು ಇನ್ನೊಂದಕ್ಕೆ ಬದಲಿಸುವ ಲೆಕ್ಕ ಸುಲಭ. ಸ್ಫಿಯರ್‌ಗೆ ಸಿಲಿಂಡರ್ ಕೂಡಿಸಿದರೆ ಹೊಸ ಸ್ಫಿಯರ್ ಸಿಗುತ್ತದೆ. ಸಿಲಿಂಡರ್‌ನ ಅಂಕಿ ಹಾಗೇ ಇರಲಿ, ಚಿಹ್ನೆ ಬದಲಿಸಿ. ಆಕ್ಸಿಸ್ 90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 90 ಕೂಡಿಸಿ, ಹೆಚ್ಚಿದ್ದರೆ 90 ಕಳೆಯಿರಿ. ಮೂರೂ ಒಟ್ಟಿಗೆ ಬದಲಾಗಬೇಕು. ಕನ್ನಡಕ ಮಾಡುವವರು ಸಾಮಾನ್ಯವಾಗಿ ಮೈನಸ್ ಸಿಲಿಂಡರ್‌ನಲ್ಲಿ ಬರೆಯುತ್ತಾರೆ. ಪ್ಲಸ್‌ನಲ್ಲಿ ಬರೆಯುವ ವೈದ್ಯರೂ ಇದ್ದಾರೆ.

ತಪ್ಪು ನುಸುಳುವುದು ಅರ್ಧ ಬದಲಿಸಿದಾಗ. ಯುವತಿ ಆನ್‌ಲೈನ್‌ನಲ್ಲಿ ಆರ್ಡರ್ ಮಾಡುವಾಗ ಹುಬ್ಬಳ್ಳಿಯ ಚೀಟಿಯ ಪ್ಲಸ್ ಚಿಹ್ನೆಯನ್ನು ಗಮನಿಸದೆ -3.50 / -1.50 × 90 ಎಂದು ತುಂಬಿದರು ಎನ್ನಿ. ಉದ್ದ ದಿಕ್ಕಿನಲ್ಲಿ -3.50 ಸರಿಯಾಗಿಯೇ ಬಂತು. ಆದರೆ ಅಡ್ಡ ದಿಕ್ಕಿನಲ್ಲಿ -5.00 ಆಯಿತು. ಬೇಕಾದ್ದು -2.00. ಒಂದು ಸಣ್ಣ ಗೀಟಿನಿಂದ ಮೂರು ಡಯಾಪ್ಟರ್ ವ್ಯತ್ಯಾಸ. ಅಂಥ ಕನ್ನಡಕ ಹಾಕಿಕೊಂಡರೆ ತಲೆನೋವು ಖಚಿತ, ಓದುವುದಂತೂ ದೂರದ ಮಾತು.

ಸಿಲಿಂಡರ್ ಬಿಟ್ಟು ಸ್ಫಿಯರ್ ಮಾತ್ರ ಹಾಕಿದರೆ? ಆಗ -2.00 ಕನ್ನಡಕದಲ್ಲಿ ಅಡ್ಡ ದಿಕ್ಕು ಸರಿಯಾಗುತ್ತದೆ, ಉದ್ದ ದಿಕ್ಕಿನಲ್ಲಿ ಒಂದೂವರೆ ಡಯಾಪ್ಟರ್ ಬಾಕಿ ಉಳಿಯುತ್ತದೆ. ಪ್ರತಿ ಬಿಂದುವೂ ಮೇಲೆ ಕೆಳಗೆ ಹಿಗ್ಗಿದಂತೆ ಕಾಣುತ್ತದೆ. ಪುಣೆ ಸ್ಟೇಷನ್ನಿನ ಮರಾಠಿ ಫಲಕ ನೋಡಿದರೆ ಅಕ್ಷರಗಳ ನೆಟ್ಟ ಗೀಟು ಸ್ಪಷ್ಟ, ಮೇಲಿನ ಅಡ್ಡ ಶಿರೋರೇಖೆ ಮಾತ್ರ ಹರಡಿ ಮಸುಕು. ಅಸ್ಟಿಗ್ಮ್ಯಾಟಿಸಂ ಇರುವವರು 'ಕಾಣುತ್ತದೆ, ಆದರೆ ಸ್ಪಷ್ಟ ಇಲ್ಲ' ಎನ್ನುವುದು ಇದಕ್ಕೇ.

ಈ ವಿದ್ಯೆ ಸುಮಾರು 200 ವರ್ಷ ಹಳೆಯದು. ಇಂಗ್ಲೆಂಡಿನ ಥಾಮಸ್ ಯಂಗ್ 1801ರಲ್ಲಿ ತನ್ನದೇ ಕಣ್ಣಿನ ಈ ದೋಷವನ್ನು ವಿವರಿಸಿದ್ದ. ಆದರೆ ಅದಕ್ಕೆ ಕನ್ನಡಕ ಮಾಡಿಸಿದ್ದು ಖಗೋಳ ವಿಜ್ಞಾನಿ ಜಾರ್ಜ್ ಬಿಡೆಲ್ ಏರಿ, 1825ರಲ್ಲಿ. ತನ್ನ ಎಡಗಣ್ಣಿನ ದೋಷವನ್ನು ತಾನೇ ಅಳೆದು, ಇಪ್ಸ್‌ವಿಚ್ ಪಟ್ಟಣದ ಫುಲ್ಲರ್ ಎಂಬ ಕುಶಲಕರ್ಮಿಯಿಂದ ಸಿಲಿಂಡರ್ ಸೇರಿದ ಲೆನ್ಸ್ ಮಾಡಿಸಿಕೊಂಡ. ಇಂದು ಅಂಗಡಿಯಲ್ಲಿ ಸಿಗುವುದೂ ಅದೇ ತತ್ವದ ಲೆನ್ಸ್.

ಆಕ್ಸಿಸ್ ಜಾರಿದರೆ ಏನಾಗುತ್ತದೆ?

ನಂಬರ್ ಸರಿಯಿದ್ದೂ ಕನ್ನಡಕ ಸರಿಯಾಗದಿದ್ದರೆ ಮೊದಲು ಅನುಮಾನಿಸಬೇಕಾದ್ದು ಆಕ್ಸಿಸ್ ಅನ್ನು. ಲೆನ್ಸ್ ಫ್ರೇಮಿನೊಳಗೆ ತಿರುಗಿ ಕುಳಿತರೆ ಸರಿಪಡಿಸಬೇಕಾದ ಸಿಲಿಂಡರ್‌ನ ಒಂದು ಭಾಗ ಹಾಗೇ ಉಳಿಯುತ್ತದೆ. ಈ ಯುವತಿಯ 1.50 ಸಿಲಿಂಡರ್ 5 ಡಿಗ್ರಿ ಜಾರಿದರೆ ಸುಮಾರು 0.25 ಉಳಿಯುತ್ತದೆ. ಅಷ್ಟು ಬಹುಶಃ ಗೊತ್ತೇ ಆಗದು. 10 ಡಿಗ್ರಿ ಜಾರಿದರೆ ಸುಮಾರು 0.50 ಉಳಿಯುತ್ತದೆ, ಅದು ಗೊತ್ತಾಗುತ್ತದೆ. 30 ಡಿಗ್ರಿ ಜಾರಿದರೆ ಪೂರ್ತಿ 1.50 ಉಳಿಯುತ್ತದೆ, ಅಂದರೆ ಸಿಲಿಂಡರ್ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಸಿಲಿಂಡರ್ ಹೆಚ್ಚಿದ್ದಷ್ಟೂ ಸಣ್ಣ ಜಾರಿಕೆಯೂ ದುಬಾರಿ. ಈಗಿನ ಫ್ಯಾಷನ್ನಿನ ಗುಂಡು ಫ್ರೇಮುಗಳಲ್ಲಿ ಸ್ಕ್ರೂ ಸಡಿಲವಾದರೆ ಲೆನ್ಸ್ ಸದ್ದಿಲ್ಲದೆ ತಿರುಗಿಬಿಡುತ್ತದೆ. ಚೌಕದ ಫ್ರೇಮಿನಲ್ಲಿ ಆ ಅವಕಾಶವೇ ಇಲ್ಲ. ಹೆಚ್ಚು ಸಿಲಿಂಡರ್ ಇರುವವರು ಗುಂಡು ಫ್ರೇಮ್ ಆರಿಸುವ ಮೊದಲು ಇದನ್ನು ಯೋಚಿಸುವುದು ಒಳ್ಳೆಯದು.

ಲೆನ್ಸ್‌ನಲ್ಲಿ ಸಿಲಿಂಡರ್ ಇದೆಯೇ ಎಂದು ಮನೆಯಲ್ಲೇ ನೋಡಬಹುದು. ಕನ್ನಡಕವನ್ನು ತೋಳಿನಷ್ಟು ದೂರ ಹಿಡಿದು, ಲೆನ್ಸ್‌ನ ಮಧ್ಯದ ಮೂಲಕ ಬಾಗಿಲಿನ ಚೌಕಟ್ಟಿನ ನೆಟ್ಟ ಅಂಚನ್ನು ನೋಡಿ. ನಂತರ ಕಾರಿನ ಸ್ಟೀರಿಂಗ್ ತಿರುಗಿಸಿದಂತೆ ಕನ್ನಡಕವನ್ನು ನಿಧಾನವಾಗಿ ತಿರುಗಿಸಿ. ಸ್ಫಿಯರ್ ಮಾತ್ರ ಇದ್ದರೆ ಲೆನ್ಸ್‌ನೊಳಗಿನ ಗೆರೆ ಓರೆಯಾಗುವುದಿಲ್ಲ. ಸಿಲಿಂಡರ್ ಇದ್ದರೆ ಒಳಗಿನ ಗೆರೆ ಹೊರಗಿನ ಗೆರೆಯಿಂದ ಬೇರ್ಪಟ್ಟು ಓರೆಯಾಗುತ್ತದೆ, ಕತ್ತರಿ ಬಿಚ್ಚಿ ಮುಚ್ಚಿದಂತೆ. ಆದರೆ ಆಕ್ಸಿಸ್ ಎಷ್ಟು ಡಿಗ್ರಿ ಎಂದು ಇದರಿಂದ ನಿಖರವಾಗಿ ತಿಳಿಯದು. ಅದಕ್ಕೆ ಅಂಗಡಿಯಲ್ಲಿರುವ ಲೆನ್ಸೋಮೀಟರ್ ಬೇಕು. ಹೊಸ ಕನ್ನಡಕ ಕೈಗೆ ಬಂದಾಗ ಅದರಲ್ಲಿಟ್ಟು ಓದಿಸಿ, ಚೀಟಿಯ ಜೊತೆ ತಾಳೆ ನೋಡಲು ಕೇಳಬಹುದು. ಒಂದು ನಿಮಿಷದ ಕೆಲಸ ಅದು.

ಎಲ್ಲ ಸರಿಯಿದ್ದರೂ ಮೊದಲ ಕೆಲವು ದಿನ ನೆಲ ವಾಲಿದಂತೆ, ಬಾಗಿಲು ಓರೆಯಾದಂತೆ ಕಾಣಬಹುದು. ಸಿಲಿಂಡರ್ ಲೆನ್ಸ್ ಒಂದು ದಿಕ್ಕಿನಲ್ಲಿ ಚಿತ್ರವನ್ನು ಇನ್ನೊಂದಕ್ಕಿಂತ ತುಸು ಬೇರೆ ಗಾತ್ರದಲ್ಲಿ ತೋರಿಸುವುದರಿಂದ ಹೀಗಾಗುತ್ತದೆ. ಆಕ್ಸಿಸ್ 45 ಅಥವಾ 135ರ ಆಸುಪಾಸಿನ ಓರೆ ಇದ್ದವರಿಗೆ ಇದು ಹೆಚ್ಚು. ಮಿದುಳು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಹೊಂದಿಕೊಳ್ಳುತ್ತದೆ. ಆಮೇಲೂ ಹೋಗದಿದ್ದರೆ ಕನ್ನಡಕ, ಕಣ್ಣು ಎರಡನ್ನೂ ಮರುಪರೀಕ್ಷೆ ಮಾಡಿಸಬೇಕು.

ಇನ್ನೊಂದು ಸಂದರ್ಭದಲ್ಲಿ ಕನ್ನಡಕವೇ ಸಾಲುವುದಿಲ್ಲ. ಸಿಲಿಂಡರ್ ಲೆನ್ಸ್ ಸರಿಪಡಿಸುವುದು ಕ್ರಮಬದ್ಧವಾದ ಬಾಗನ್ನು ಮಾತ್ರ. ಕೆರಟೋಕೋನಸ್ ಎಂಬ ಕಾಯಿಲೆಯಲ್ಲಿ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ, ಬಾಗು ಅಡ್ಡಾದಿಡ್ಡಿಯಾಗುತ್ತದೆ. ಇದು ಹೆಚ್ಚಾಗಿ ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಕಣ್ಣನ್ನು ಸದಾ ಉಜ್ಜುವ ಅಭ್ಯಾಸಕ್ಕೂ ಇದಕ್ಕೂ ನಂಟಿದೆ. ಇದರ ಸುಳಿವು ಹಳೆಯ ಚೀಟಿಗಳಲ್ಲೇ ಇರುತ್ತದೆ: ಸಿಲಿಂಡರ್ ಪ್ರತಿ ಬಾರಿ ಏರುತ್ತಿದೆ, ಆಕ್ಸಿಸ್ ಬದಲಾಗುತ್ತಿದೆ, ಹೊಸ ಕನ್ನಡಕ ಹಾಕಿದರೂ ಕೊನೆಯ ಸಾಲು ಓದಲಾಗುತ್ತಿಲ್ಲ. ಹೋಲಿಸುವ ಮೊದಲು ಎಲ್ಲ ಚೀಟಿಗಳನ್ನೂ ಮೈನಸ್ ಬರಹಕ್ಕೆ ತಂದುಕೊಳ್ಳಬೇಕು, ಇಲ್ಲದಿದ್ದರೆ ಪುಣೆ-ಹುಬ್ಬಳ್ಳಿಯ ಗೊಂದಲವೇ ಮತ್ತೆ. ಹಾಗೆ ತಂದ ಮೇಲೂ ಏರಿಕೆ ಕಂಡರೆ ಅಂಗಡಿಯ ಪರೀಕ್ಷೆ ಸಾಲದು. ಕಾರ್ನಿಯಾದ ಆಕಾರವನ್ನು ನಕ್ಷೆಯಂತೆ ತೆಗೆಯುವ ಟೊಪೋಗ್ರಫಿ ಪರೀಕ್ಷೆಗೆ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಬೇಗ ಪತ್ತೆಯಾದರೆ ಕ್ರಾಸ್‌ಲಿಂಕಿಂಗ್ ಎಂಬ ಚಿಕಿತ್ಸೆಯಿಂದ ಉಬ್ಬುವುದನ್ನು ತಡೆಯುವ ಸಾಧ್ಯತೆ ಹೆಚ್ಚು. ದೃಷ್ಟಿಗೆ ಅಂಥವರಿಗೆ ಹಲವು ಬಾರಿ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಕೊಡುತ್ತಾರೆ. ಲೆನ್ಸ್ ಮತ್ತು ಕಾರ್ನಿಯಾದ ನಡುವೆ ಕಣ್ಣೀರು ತುಂಬಿಕೊಂಡು, ಅಡ್ಡಾದಿಡ್ಡಿ ಬಾಗಿನ ಮೇಲೆ ನಯವಾದ ಹೊಸ ಮೇಲ್ಮೈ ಸಿಗುತ್ತದೆ.