ಎದೆಬಡಿತ ಎಣಿಸಿದರೆ ಗಂಡೋ ಹೆಣ್ಣೋ ಗೊತ್ತಾಗುತ್ತಾ?

ವಿಜಯನಗರದ ಯಾವ ಸೀಮಂತಕ್ಕೆ ಹೋದರೂ ಈ ಮಾತು ಕಿವಿಗೆ ಬೀಳುತ್ತೆ: "ಮಗು ಎದೆಬಡಿತ 140 ದಾಟಿದೆಯಾ? ಹಾಗಾದ್ರೆ ಹೆಣ್ಣೇ!"

ಸ್ಕ್ಯಾನ್ ಬೇರೆಯೇ ಹೇಳುತ್ತೆ. ಆರನೇ ವಾರದಲ್ಲಿ ನಿಮಿಷಕ್ಕೆ ಸುಮಾರು 110 ಇರುವ ಬಡಿತ, ಒಂಬತ್ತನೇ ವಾರಕ್ಕೆ 170ರ ಹತ್ತಿರ ಏರಿ, ಆಮೇಲೆ ನಿಧಾನವಾಗಿ ಇಳಿಯುತ್ತೆ. ಕೊನೆಯ ತಿಂಗಳುಗಳಲ್ಲಿ 110ರಿಂದ 160. ಗಂಡಾದರೂ ಅಷ್ಟೇ, ಹೆಣ್ಣಾದರೂ ಅಷ್ಟೇ. ಮಗು ಹೊರಳಾಡಿದರೆ ಬಡಿತ ಏರುತ್ತೆ, ನಿದ್ದೆ ಮಾಡಿದರೆ ಇಳಿಯುತ್ತೆ. ಒಂದೇ ಮಗು ಬೆಳಿಗ್ಗೆ 150, ಸಂಜೆ 135 ತೋರಿಸಬಹುದು.

ಹೊಟ್ಟೆ ಮುಂದಕ್ಕೆ ಚೂಪಾಗಿದೆಯಾ? ಅದಕ್ಕೆ ಕಾರಣ ತಾಯಿಯ ಹೊಟ್ಟೆಯ ಸ್ನಾಯುಗಳ ಬಿಗಿ, ಮಗು ಮಲಗಿರುವ ರೀತಿ. ಮಾವಿನಕಾಯಿ ಬಯಕೆಯೂ ಲಿಂಗ ಹೇಳಲ್ಲ.

ಸ್ಕ್ಯಾನ್‌ನಲ್ಲಿ ಲಿಂಗ ಕಾಣಬಹುದು. ಆದರೆ 1994ರ ಕಾಯ್ದೆ ಪ್ರಕಾರ ಅದನ್ನು ತಿಳಿಸುವುದು ಅಪರಾಧ. ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದೇ: "ವಾರಕ್ಕೆ ತಕ್ಕ ಹಾಗೆ ಬಡಿತ ಸರಿಯಾಗಿದೆಯಾ?"