ಬೇಡಿಕೆ ಪಟ್ಟಿಗೆ ಉತ್ತರ: ಹೂಂ ಅನ್ನದೆ, ಊಹೂಂ ಅನ್ನದೆ ಬರೆಯುವ ಕಾಗದ

ಯೂನಿಯನ್‌ನವರು ಬೇಡಿಕೆ ಪಟ್ಟಿ ಕೊಟ್ಟು ಹೋದ ಮೇಲೆ ಕಾರ್ಖಾನೆ ಆಫೀಸಿನಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡರಲ್ಲಿ ಒಂದು. ಒಂದೋ ಆ ಕಾಗದ ಮೇಜಿನ ಖಾನೆ ಸೇರಿ ಧೂಳು ತಿನ್ನುತ್ತದೆ. ಇಲ್ಲವೇ ಸಿಟ್ಟಿನ ಭರದಲ್ಲಿ ‘ನಿಮ್ಮ ಬೇಡಿಕೆಗಳು ಅಸಮಂಜಸ, ಈಡೇರಿಸಲು ಸಾಧ್ಯವಿಲ್ಲ’ ಎಂಬ ನಾಲ್ಕು ಸಾಲು ಟೈಪ್ ಆಗಿ ಹೊರಟುಬಿಡುತ್ತದೆ. ಎರಡೂ ದಾರಿ ಕೊನೆಗೆ ಬಂದು ಸೇರುವುದು ಗೇಟಿನ ಮುಂದೆಯೇ. ಅಲ್ಲಿ ಕೆಂಪು ಬಾವುಟ, ಘೋಷಣೆ, ಪೊಲೀಸ್ ವ್ಯಾನು. ಒಳಗೆ ಮಿಷನ್ನು ಬಂದ್, ಮನೆಯಲ್ಲಿ ಒಲೆ ಬಂದ್.

ಇದಲ್ಲದೆ ಮೂರನೆಯದೊಂದು ದಾರಿ ಇದೆ. ಪಟ್ಟಿಯ ಒಂದೊಂದು ಅಂಶವನ್ನೂ ಹೆಸರಿಟ್ಟು ‘ಬಂದು ತಲುಪಿದೆ’ ಎಂದು ಒಪ್ಪುವುದು, ಮಾತುಕತೆಗೆ ತಾರೀಖು ಕೊಡುವುದು, ಆದರೆ ಕಾಗದದಲ್ಲೇ ಏನನ್ನೂ ಕೊಟ್ಟುಬಿಡದೆ ಇರುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಕಾಗದ ಇದು. ಬರೆಯುವುದು ಕಷ್ಟವೇನಲ್ಲ. ಬರೆಯುವ ಮುಂಚೆ ಮಾಡಬೇಕಾದ ಲೆಕ್ಕಾಚಾರದಲ್ಲೇ ಅದರ ಮರ್ಮವೆಲ್ಲ ಅಡಗಿದೆ.

ಸುಮ್ಮನಿದ್ದರೆ ಆಯಿತಲ್ಲ ಅನ್ನುವವರಿಗೆ

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ನಂಬಿ ಉತ್ತರವನ್ನೇ ಕೊಡದೆ ಕೂರುವ ಮಾಲೀಕರು ಇದ್ದಾರೆ. ಅದಕ್ಕೊಂದು ಹಳೆಯ ಆಧಾರವನ್ನೂ ತೋರಿಸುತ್ತಾರೆ. ಸಿಂಧು ಪುನರ್ವಸತಿ ಕಾರ್ಪೊರೇಷನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1967ರಲ್ಲಿ ಹೇಳಿದ್ದು, ಆಡಳಿತ ವರ್ಗದ ಮುಂದೆ ಬೇಡಿಕೆ ಇಟ್ಟು ಅದು ತಿರಸ್ಕೃತವಾದಾಗಲೇ ಕೈಗಾರಿಕಾ ವಿವಾದ ಹುಟ್ಟುತ್ತದೆ ಎಂದು. ‘ನಾವು ತಿರಸ್ಕರಿಸಿಯೇ ಇಲ್ಲವಲ್ಲ, ವಿವಾದ ಎಲ್ಲಿದೆ?’ ಎಂಬುದು ಇವರ ವಾದ.

ಆದರೆ ಅದೇ ಕೋರ್ಟು 1978ರಲ್ಲಿ ಶಂಭುನಾಥ್ ಗೋಯಲ್ ಮೊಕದ್ದಮೆಯಲ್ಲಿ ಬರಹದ ಬೇಡಿಕೆಯೇ ಇರಬೇಕೆಂದಿಲ್ಲ, ವಿವಾದ ಇದೆಯೋ ಇಲ್ಲವೋ ಎಂಬುದನ್ನು ಎರಡೂ ಕಡೆಯವರ ನಡವಳಿಕೆಯಿಂದಲೇ ತಿಳಿಯಬಹುದು ಎಂದಿತು. ಅಂದರೆ ಬಾಯಿ ಮುಚ್ಚಿ ಕೂತವನ ಮೌನವೂ ಮಾತಾಡುತ್ತದೆ. ಮೇಲಾಗಿ ಮಾನ್ಯತೆ ಪಡೆದ ಸಂಘದ ಜೊತೆ ಸದ್ಭಾವನೆಯಿಂದ ಚೌಕಾಸಿಗೆ ಕೂರಲು ನಿರಾಕರಿಸುವುದು ಅನುಚಿತ ಕಾರ್ಮಿಕ ಪದ್ಧತಿ ಎಂದು ಹಳೆಯ ಕಾಯಿದೆಯಲ್ಲೇ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದು ಉಳಿದಿದೆ. ಸಂಘ ಮುಷ್ಕರಕ್ಕೆ 14 ದಿನ ಮುಂಚೆ ನೋಟೀಸು ಕೊಡಬೇಕೆಂಬ ನಿಯಮ ಈಗ ಎಲ್ಲ ಕಾರ್ಖಾನೆಗಳಿಗೂ ಅನ್ವಯಿಸುತ್ತದೆ. ಆ ನೋಟೀಸು ಬಂದ ಮೇಲೆ ಉತ್ತರ ಬರೆಯಲು ಕೂತರೆ ಊರಿಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ಮೊದಲು ಪಟ್ಟಿ ಸೋಸಬೇಕು

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ, 180 ಕಾರ್ಮಿಕರು ಎಂದುಕೊಳ್ಳಿ. ಏಪ್ರಿಲ್ 6ರಂದು ಸಂಘದಿಂದ ಆರು ಅಂಶಗಳ ಪಟ್ಟಿ ಬಂದಿದೆ. ತಲೆಗೆ ತಿಂಗಳಿಗೆ 4,000 ರೂಪಾಯಿ ಸಂಬಳ ಏರಿಕೆ, ಶೇಕಡಾ 20 ಬೋನಸ್, ಕ್ಯಾಂಟೀನು, ವರ್ಷಕ್ಕೆ ಎರಡು ಜೊತೆ ಸಮವಸ್ತ್ರ ಮತ್ತು ಅದನ್ನು ಒಗೆಯುವ ಭತ್ಯೆ, 22 ಗುತ್ತಿಗೆ ಕಾರ್ಮಿಕರ ಕಾಯಮಾತಿ, ಸಸ್ಪೆಂಡ್ ಆದ ಒಬ್ಬ ಕಾರ್ಮಿಕನನ್ನು ವಾಪಸ್ ತೆಗೆದುಕೊಳ್ಳುವುದು.

ಬಲ್ಲ ಮ್ಯಾನೇಜರು ಇದನ್ನು ಮೂರು ರಾಶಿ ಮಾಡುತ್ತಾನೆ. ಕಾನೂನೇ ಕೊಡು ಎನ್ನುವುದು ಒಂದು ರಾಶಿ. ಕೂತು ಚೌಕಾಸಿ ಮಾಡಬೇಕಾದ್ದು ಇನ್ನೊಂದು. ಬೇರೆ ಕಡೆ ಆಗಲೇ ವಿಚಾರಣೆಯಲ್ಲಿರುವುದು ಮತ್ತೊಂದು. ಈ ಸೋಸುವಿಕೆ ಮಾಡದೆ ಬರೆದ ಉತ್ತರ ಹತ್ತರಲ್ಲಿ ಒಂಬತ್ತು ಸಲ ಕೈಕೊಡುತ್ತದೆ.

ಕ್ಯಾಂಟೀನನ್ನೇ ನೋಡಿ. ಹಳೆಯ ಕಾರ್ಖಾನೆ ಕಾಯಿದೆಯಲ್ಲಿ 250ಕ್ಕಿಂತ ಹೆಚ್ಚು ಜನರಿರುವ ಕಡೆ ಮಾತ್ರ ಅದರ ಪ್ರಶ್ನೆ ಬರುತ್ತಿತ್ತು. ಹೊಸ ಸಂಹಿತೆಯಲ್ಲಿ ಗುತ್ತಿಗೆಯವರೂ ಸೇರಿ 100 ಜನರಿದ್ದರೆ ಸಾಕು. ಹಳೆಯ ಅಭ್ಯಾಸದ ಮ್ಯಾನೇಜರು ‘ಸಂಬಳದ ವಿಷಯದಲ್ಲಿ ನೀವು ಇಳಿದರೆ ಕ್ಯಾಂಟೀನು ಯೋಚಿಸೋಣ’ ಎಂದು ಬರೆದನೋ, ಸಂಘದ ವಕೀಲರು ನಗುತ್ತಾರೆ. ಕಾನೂನಿನ ಪಾಲನ್ನು ದಾನದ ಪಾಲಿನಂತೆ ತೋರಿಸಿದವನ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ಇಲ್ಲಿ ಬರೆಯಬೇಕಾದ್ದು ಇಷ್ಟೇ: ‘ಬೇಡಿಕೆ 3 ತಲುಪಿದೆ. ಕಾನೂನಿನಂತೆ ನಮ್ಮ ಮೇಲಿರುವ ಹೊಣೆ, ಜಾಗದ ಅನುಕೂಲ ಎರಡನ್ನೂ ಪರಿಶೀಲಿಸುತ್ತಿದ್ದೇವೆ. ವಿವರವನ್ನು ಎರಡನೇ ಸಭೆಯಲ್ಲಿ ಮುಂದಿಡುತ್ತೇವೆ.’

ಬೋನಸ್ಸಿಗೂ ಇದೇ ಸೂತ್ರ. ಶೇಕಡಾ 8.33 ಕೆಳಮಿತಿ, 20 ಮೇಲ್ಮಿತಿ. ನಡುವಿನದು ವರ್ಷದ ಲಾಭದ ಲೆಕ್ಕದ ಮೇಲೆ. ಏಪ್ರಿಲ್‌ನಲ್ಲಿ ಹಿಂದಿನ ವರ್ಷದ ಪುಸ್ತಕವೇ ಮುಗಿದಿರುವುದಿಲ್ಲ, ಬೋನಸ್ ಕೊಡಲು ವರ್ಷ ಮುಗಿದ ಮೇಲೆ 8 ತಿಂಗಳು ಅವಕಾಶವಿದೆ. ಆದ್ದರಿಂದ ‘ಲೆಕ್ಕ ಪರಿಶೋಧನೆ ಆದ ಕೂಡಲೇ ಅಂಕಿಅಂಶ ಸಂಘಕ್ಕೆ ತೋರಿಸಿ ಮಾತನಾಡುತ್ತೇವೆ’ ಅಂದರೆ ಅದು ನಿಜವಾದ ಮಾತು, ಕಾಲ ತಳ್ಳುವ ಮಾತಲ್ಲ.

ನೂರು ರೂಪಾಯಿಯ ಬೆಲೆ ಎಷ್ಟು?

ಸಂಬಳದ ಅಂಶಕ್ಕೆ ಉತ್ತರ ಬರೆಯುವ ಮುಂಚೆ ಮ್ಯಾನೇಜರಿಗೆ ಒಂದು ಲೆಕ್ಕ ಬಾಯಿಪಾಠ ಇರಬೇಕು. 180 ಜನರಿಗೆ ತಲಾ 100 ರೂಪಾಯಿ ಏರಿದರೆ ತಿಂಗಳಿಗೆ 18,000, ವರ್ಷಕ್ಕೆ 2,16,000. ಕೇಳಿದ್ದು 4,000; ಅಂದರೆ ವರ್ಷಕ್ಕೆ 86,40,000. ಇದರ ಮೇಲೆ ಪಿಎಫ್, ಗ್ರಾಚುಯಿಟಿ, ಓವರ್‌ಟೈಮು ಬೇರೆ. ಈ ಲೆಕ್ಕ ಕೈಯಲ್ಲಿರಬೇಕು, ಕಾಗದದಲ್ಲಿ ಇರಬಾರದು.

ಯಾಕೆಂದರೆ ಕಾಗದದಲ್ಲಿ ‘1,500ರ ತನಕ ಯೋಚಿಸಬಹುದು’ ಎಂದು ಬರೆದ ಕ್ಷಣವೇ ಆ 1,500 ನೆಲ ಆಗುತ್ತದೆ, ಸೂರು ಆಗುವುದಿಲ್ಲ. ಮುಂದಿನ ಮಾತುಕತೆಯೆಲ್ಲ 1,500ರಿಂದ 4,000ದ ನಡುವೆಯೇ. ಅದಕ್ಕೆ ಬದಲಾಗಿ ಕಾರ್ಖಾನೆಗೆ ಬೇಕಾದ್ದು, ಉತ್ಪಾದನೆಯೋ, ಹಾಜರಾತಿಯೋ, ಮೂರು ವರ್ಷದ ಒಪ್ಪಂದವೋ, ಅದನ್ನು ಕೇಳುವ ಕೈಬಲ ಕರಗಿಹೋಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಬಲ್ಲವರು ಹೀಗೆ ಬರೆಯುತ್ತಾರೆ: ‘ತಿಂಗಳಿಗೆ 4,000 ರೂಪಾಯಿ ಏರಿಕೆ ಕೇಳಿದ್ದೀರೆಂದು ತಿಳಿದಿದ್ದೇವೆ. ಇದು ಮೂಲ ವೇತನಕ್ಕೆ ಸೇರಬೇಕೋ, ಭತ್ಯೆಯಾಗಿ ಬೇಕೋ, ಎಷ್ಟು ವರ್ಷದ ಒಪ್ಪಂದಕ್ಕೆ ಎಂಬುದನ್ನು ತಿಳಿಸಿ. ಮೂರನೇ ಸಭೆಯಲ್ಲಿ ಲೆಕ್ಕದ ಸಮೇತ ಚರ್ಚಿಸೋಣ.’ ಈ ಪ್ರಶ್ನೆ ನೆಪಕ್ಕೆ ಕೇಳಿದ್ದಲ್ಲ. ಮೂಲ ವೇತನಕ್ಕೆ ಸೇರಿದರೆ ಖರ್ಚೇ ಬೇರೆ, ಭತ್ಯೆಯಾದರೆ ಖರ್ಚೇ ಬೇರೆ.

ಸಮವಸ್ತ್ರದ ವಿಷಯದಲ್ಲಿ ಎಡವುವವರು ಜಾಸ್ತಿ. ಚಿಕ್ಕ ಖರ್ಚು, ಈಗಲೇ ಒಪ್ಪಿ ಒಳ್ಳೆಯವರಾಗೋಣ ಅಂತ ಅನ್ನಿಸುತ್ತದೆ. ಆದರೆ ಸಂಬಳ 4,000ಕ್ಕೆ ಬದಲು ಅದಕ್ಕಿಂತ ಕಡಿಮೆಗೆ ಇತ್ಯರ್ಥವಾಗುವ ದಿನ ಸಂಘದ ಕಾರ್ಯದರ್ಶಿಯೂ ತನ್ನ ಜನರ ಮುಂದೆ ನಿಂತು ‘ಇದನ್ನೂ ತಂದೆವು’ ಎಂದು ಹೇಳಬೇಕಲ್ಲ? ಆ ದಿನಕ್ಕೆ ಈ ಚಿಕ್ಕ ಅಂಶಗಳೇ ಚಿಲ್ಲರೆ ಕಾಸು. ಮೊದಲ ಕಾಗದದಲ್ಲೇ ಖರ್ಚು ಮಾಡಿದರೆ ಕೊನೆಯಲ್ಲಿ ಇಬ್ಬರ ಜೇಬೂ ಖಾಲಿ.

ಬೆಂಕಿ ಹತ್ತುವ ಎರಡು ಅಂಶ

ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ‘ಅವರು ನಮ್ಮವರೇ ಅಲ್ಲ’ ಎಂದರೆ 22 ಮನೆಗೆ ಅವಮಾನ. ‘ಹಂತ ಹಂತವಾಗಿ ತೆಗೆದುಕೊಳ್ಳುತ್ತೇವೆ’ ಎಂದರೆ ನಾಳೆ ಅದೇ ಸಾಲು ಕೋರ್ಟಿನಲ್ಲಿ ಸಾಕ್ಷಿ. ಹೆಸರು, ಕೆಲಸದ ಜಾಗ, ಎಂದಿನಿಂದ ಇದ್ದಾರೆ ಎಂಬ ಪಟ್ಟಿ ಕೇಳಿ, ಅದರ ಮೇಲೆ ಎರಡನೇ ಸಭೆಯಲ್ಲಿ ಮಾತು ಎಂದರೆ ಸಾಕು.

ಸಸ್ಪೆಂಡ್ ಆದವನ ಪ್ರಕರಣ ಆಂತರಿಕ ವಿಚಾರಣೆಯಲ್ಲಿದೆ. ಅದನ್ನು ಚೌಕಾಸಿಯ ಮೇಜಿಗೆ ತಂದರೆ ವಿಚಾರಣೆ ಬರೀ ನಾಟಕ ಎಂದಾಯಿತು. ‘ವಿಚಾರಣೆ ನಿಯಮದಂತೆ ನಡೆಯುತ್ತಿದೆ, ಯಾವ ಹಂತದಲ್ಲಿದೆ ಎಂಬುದನ್ನು ಮೊದಲ ಸಭೆಯಲ್ಲಿ ತಿಳಿಸುತ್ತೇವೆ’ ಎಂಬಲ್ಲಿಗೆ ನಿಲ್ಲಿಸಬೇಕು. ಅವನು ತಪ್ಪು ಮಾಡಿದ್ದಾನೆ ಎಂಬ ಅರ್ಥದ ಒಂದು ಶಬ್ದವೂ ಈ ಕಾಗದದಲ್ಲಿ ಬರಬಾರದು.

ತಾರೀಖಿನಲ್ಲೇ ಮನಸ್ಸು ಗೊತ್ತಾಗುತ್ತದೆ

ಪಟ್ಟಿ ಬಂದದ್ದು 6ಕ್ಕೆ. ಉತ್ತರ 10ಕ್ಕೆ ಹೋಗಲಿ. ಸಭೆಗೆ ಒಂದಲ್ಲ, ಮೂರು ತಾರೀಖು ಇರಲಿ: ಏಪ್ರಿಲ್ 20, ಏಪ್ರಿಲ್ 28, ಮೇ 8. ಮೊದಲನೆಯದರಲ್ಲಿ ಸಂಘ ತನ್ನ ಬೇಡಿಕೆಯನ್ನು ವಿವರಿಸಲಿ. ಎರಡನೆಯದರಲ್ಲಿ ಕ್ಯಾಂಟೀನು, ಸಮವಸ್ತ್ರ, ಗುತ್ತಿಗೆ. ಮೂರನೆಯದರಲ್ಲಿ ದುಡ್ಡು. ಮೇ 1 ಕಾರ್ಮಿಕ ದಿನ, ಆ ಸುತ್ತಮುತ್ತ ಬೇಡ. 7 ಸಂಬಳದ ದಿನ, ಅದು ಕಳೆಯಲಿ. ‘ಅನುಕೂಲವಿಲ್ಲದಿದ್ದರೆ ಅದೇ ವಾರದ ಬೇರೆ ದಿನ ಸೂಚಿಸಿ’ ಎಂಬ ಒಂದು ಸಾಲು ಕೂಡ ಇರಲಿ.

ಸಭೆಯ ಜಾಗ, ಗಂಟೆ, ಆಡಳಿತದ ಕಡೆಯಿಂದ ಯಾರು ಕೂರುತ್ತಾರೆ ಎಂಬುದು ಕಾಗದದಲ್ಲೇ ಬರಬೇಕು. ಕೂರುವವನಿಗೆ ತೀರ್ಮಾನದ ಅಧಿಕಾರ ಇಲ್ಲದಿದ್ದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಕಥೆಯಾಗುತ್ತದೆ. ಸಭೆಗೆ ಬರುವ ಸಂಘದ ಪ್ರತಿನಿಧಿಗಳ ಸಂಬಳ ಕಡಿಯುವುದಿಲ್ಲ ಎಂದೂ ಬರೆದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಕೊನೆಯಲ್ಲಿ ಎರಡು ಮಾತು: ಈ ಉತ್ತರ ಯಾವ ಬೇಡಿಕೆಯನ್ನೂ ಒಪ್ಪಿದ್ದೂ ಅಲ್ಲ, ತಳ್ಳಿದ್ದೂ ಅಲ್ಲ, ಮಾತುಕತೆ ಮುಗಿಯುವ ತನಕ ಈಗಿನ ಸೌಲಭ್ಯಗಳು ಹಾಗೇ ಮುಂದುವರಿಯುತ್ತವೆ.

ಸಂಘದವರೂ ಈ ಕಾಗದವನ್ನು ಇದೇ ಗುರುತಿನಿಂದ ಓದಬೇಕು. ತಾರೀಖಿಲ್ಲ, ಕೂರುವವರ ಹೆಸರಿಲ್ಲ, ಆರು ಬೇಡಿಕೆಗೂ ಸೇರಿ ‘ಸಹಾನುಭೂತಿಯಿಂದ ಪರಿಶೀಲಿಸಲಾಗುವುದು’ ಎಂಬ ಒಂದೇ ಸಾಲು ಇದ್ದರೆ ಅದು ಕಾಲ ತಳ್ಳುವ ಕಾಗದ. ಒಂದೊಂದಕ್ಕೂ ಬೇರೆ ಉತ್ತರ, ಕೇಳಿದ ಪ್ರಶ್ನೆಯಲ್ಲಿ ಹುರುಳು, ದಿನ ಗಂಟೆ ಖಚಿತ ಇದ್ದರೆ ‘ಹೂಂ’ ಎಂಬ ಮಾತು ಎಲ್ಲೂ ಇಲ್ಲದಿದ್ದರೂ ಅದು ಮಾತಿಗೆ ಕರೆದ ಕಾಗದವೇ. ಅಂಥ ಕಾಗದ ಬಂದ ದಿನ ಗೇಟಿನ ಬಳಿ ‘ಏನಂದ್ರಂತೆ ಸಾಹೇಬ್ರು?’ ಎಂದು ಕೇಳುವವರಿಗೆ ಕಾರ್ಯದರ್ಶಿ ‘20ಕ್ಕೆ ಬನ್ನಿ ಅಂದ್ರು’ ಎನ್ನಬಹುದು. ಜನ ಪಾಳಿಗೆ ಒಳಗೆ ಹೋಗುತ್ತಾರೆ.